ಮಹಾಪ್ರಬಂಧದಿಂದ ಪುಸ್ತಕಕ್ಕೆ: ಮುಂಬಯಿಯ ಕನ್ನಡ ಸಂಶೋಧಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಪುಣೆ, ಗೋವೆಗಳಲ್ಲಿ ಕನ್ನಡದಲ್ಲಿ ಸಂಶೋಧನೆ ನಡೆಸಿ ಪಿಎಚ್.ಡಿ. ಪಡೆದವರು ತಮ್ಮ ಮಹಾಪ್ರಬಂಧವನ್ನು ಪುಸ್ತಕವಾಗಿಸಲು ಹೊರಟಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಕೊಡಲಾಗಿದೆ. ಹಸ್ತಪ್ರತಿಗಳನ್ನು ಓದಿ ತಿದ್ದುವ ಕೆಲಸದಲ್ಲಿ ಕಂಡದ್ದನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ. ವಿವರಣೆ ಗಾಳಿಯಲ್ಲಿ ತೇಲಬಾರದೆಂದು ಉದ್ದಕ್ಕೂ ಒಂದೇ ಉದಾಹರಣೆಯನ್ನು ಬಳಸಿದ್ದೇನೆ: "ಮುಂಬಯಿಯ ಕನ್ನಡ ರಾತ್ರಿಶಾಲೆಗಳು: ಒಂದು ಸಾಂಸ್ಕೃತಿಕ ಅಧ್ಯಯನ" ಎಂಬ ಪ್ರಬಂಧ. ಇದು ಉದಾಹರಣೆಗಾಗಿ ಕಲ್ಪಿಸಿಕೊಂಡ ಪ್ರಬಂಧ. ಅದರ ಅಂಕಿಗಳೂ ಫಲಿತಗಳೂ ಕಲ್ಪಿತವೇ. ಆದರೆ ಅದರ ರಚನೆ ನಮ್ಮಲ್ಲಿ ಸಲ್ಲಿಕೆಯಾಗುವ ಬಹುಪಾಲು ಪ್ರಬಂಧಗಳ ರಚನೆಯೇ ಆಗಿದೆ.

ಪ್ರಬಂಧವನ್ನು ಇದ್ದ ಹಾಗೆಯೇ ಅಚ್ಚು ಹಾಕಿಸಿದರೆ ಏನು ತೊಂದರೆ?

ಹಾಗೆ ಅಚ್ಚಾದ ಪುಸ್ತಕಗಳು ಸಾಕಷ್ಟಿವೆ. ಮುಂದಿನ ಸಂಶೋಧಕರಿಗೆ ಅವು ಆಕರವಾಗಿ ಉಪಯೋಗಕ್ಕೆ ಬರುತ್ತವೆ, ಆದರೆ ಮೊದಲಿನಿಂದ ಕೊನೆಯವರೆಗೆ ಓದಿಸಿಕೊಳ್ಳುವುದು ಅಪರೂಪ. ಕಾರಣ ಲೇಖಕರ ಪ್ರತಿಭೆಯ ಕೊರತೆಯಲ್ಲ. ಪ್ರಬಂಧವನ್ನು ಬರೆದದ್ದು ಮಾರ್ಗದರ್ಶಕರಿಗಾಗಿ, ಹೊರಗಿನ ಪರೀಕ್ಷಕರಿಗಾಗಿ, ವೈವಾದ ದಿನ ಎದುರಿಗೆ ಕೂರುವ ಮೂರು ನಾಲ್ಕು ಮಂದಿಗಾಗಿ. ಅವರು ಓದಲೇಬೇಕಾದವರು. ಲೇಖಕ ವಿಷಯವನ್ನು ಪೂರ್ತಿಯಾಗಿ ಅರಿತಿದ್ದಾನೆಯೇ, ಹಿಂದಿನವರನ್ನೆಲ್ಲ ಓದಿದ್ದಾನೆಯೇ, ವಿಧಾನ ಸರಿಯಿದೆಯೇ ಎಂಬುದನ್ನು ಅವರು ಪರೀಕ್ಷಿಸುತ್ತಾರೆ. ಆದ್ದರಿಂದ ಪ್ರಬಂಧದ ಪ್ರತಿ ಅಧ್ಯಾಯವೂ ಎಲ್ಲೂ ಸಿಕ್ಕಿಬೀಳದ ಹಾಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿಯಲ್ಲಿ ಕಟ್ಟಲ್ಪಟ್ಟಿರುತ್ತದೆ.

ಪುಸ್ತಕದ ಓದುಗರಿಗೆ ಓದಲೇಬೇಕೆಂಬ ಕಟ್ಟುಪಾಡಿಲ್ಲ. ಹಾವೇರಿಯ ಒಬ್ಬ ಶಿಕ್ಷಕಿ, ಡೊಂಬಿವಲಿಯಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ಒಬ್ಬ ಬ್ಯಾಂಕ್ ನೌಕರರು, ಉಡುಪಿಯ ಕಾಲೇಜಿನ ಒಬ್ಬ ವಿದ್ಯಾರ್ಥಿ ಈ ಪುಸ್ತಕವನ್ನು ಕೈಗೆತ್ತಿಕೊಂಡರೆ, ಲೇಖಕರಿಗೆ ವಿಷಯ ಗೊತ್ತಿದೆ ಎಂದು ಅವರು ಮೊದಲೇ ನಂಬಿರುತ್ತಾರೆ. ಅವರಿಗೆ ಬೇಕಾದದ್ದು ಏನಾಯಿತು, ಯಾಕೆ ಹಾಗಾಯಿತು ಎಂಬ ಎರಡು ಸಂಗತಿಗಳು.

ಮೊದಲು ಯಾವ ಅಧ್ಯಾಯವನ್ನು ತಿದ್ದಲು ಆರಂಭಿಸಬೇಕು?

ಯಾವುದನ್ನೂ ತಿದ್ದಬೇಡಿ. ಒಂದನೆಯ ಅಧ್ಯಾಯದ ಫೈಲನ್ನು ತೆರೆದು ಮೊದಲ ವಾಕ್ಯದಿಂದ ತಿದ್ದುತ್ತ ಹೋಗುವವರು ಸಾಮಾನ್ಯವಾಗಿ ಎರಡನೆಯ ಅಧ್ಯಾಯದ ನಡುವೆ ಎಲ್ಲೋ ನಿಲ್ಲುತ್ತಾರೆ. ಏಕೆಂದರೆ ತಿದ್ದಬೇಕಾದದ್ದು ವಾಕ್ಯಗಳನ್ನಲ್ಲ, ಅವುಗಳನ್ನು ಹಿಡಿದಿಟ್ಟ ಚೌಕಟ್ಟನ್ನು. ಮೊದಲು ಪ್ರಬಂಧವನ್ನು ಮುಚ್ಚಿಟ್ಟು, ಅದನ್ನು ನೋಡದೆ, ಒಂದೇ ಪುಟದಲ್ಲಿ "ನಾನು ಕಂಡುಕೊಂಡದ್ದು ಇದು" ಎಂದು ಬರೆಯಿರಿ. ನೋಡಿಕೊಂಡು ಬರೆದರೆ ಅದು ಸಾರಲೇಖವಾಗುತ್ತದೆ. ನೋಡದೆ ಬರೆದಾಗ ನಿಮ್ಮ ಮನಸ್ಸಿನಲ್ಲಿ ನಿಜವಾಗಿ ಉಳಿದದ್ದು ಹೊರಬರುತ್ತದೆ.

ಆಮೇಲೆ ಪ್ರಬಂಧದ ಕೊನೆಯ ಅಧ್ಯಾಯವನ್ನು ತೆರೆಯಿರಿ. ನಮ್ಮ ಪ್ರಬಂಧಗಳಲ್ಲಿ ಸಮಾರೋಪದ ಭಾಗವಾಗಿ "ಅಧ್ಯಯನದ ಫಲಿತಗಳು" ಎಂಬ ಪಟ್ಟಿ ಇರುತ್ತದೆ. ನಮ್ಮ ರಾತ್ರಿಶಾಲೆಯ ಪ್ರಬಂಧದಲ್ಲಿ ಇಪ್ಪತ್ತೆರಡು ಫಲಿತಗಳಿವೆ ಎಂದುಕೊಳ್ಳೋಣ. ಮೊದಲನೆಯದು "ಮುಂಬಯಿಯ ಕನ್ನಡಿಗರ ಶೈಕ್ಷಣಿಕ ಪ್ರಗತಿಯಲ್ಲಿ ರಾತ್ರಿಶಾಲೆಗಳ ಪಾತ್ರ ಹಿರಿದು" ಎಂಬುದು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದ್ದರಿಂದಲೇ ಇದರಿಂದ ಪುಸ್ತಕ ಹುಟ್ಟುವುದಿಲ್ಲ. ಹದಿನಾಲ್ಕನೆಯದು ಹೀಗಿದೆ: "ಕಚೇರಿಗಳ ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ವಿದ್ಯಾರ್ಥಿಗಳ ಹಾಜರಾತಿಯು ಹೋಟೆಲುಗಳಲ್ಲಿ ದುಡಿಯುತ್ತಿದ್ದವರಿಗಿಂತ ಹೆಚ್ಚಿತ್ತು." ಇದು ಪಟ್ಟಿಯ ನಡುವೆ ಸದ್ದಿಲ್ಲದೆ ಕುಳಿತಿದೆ. ಆದರೆ ಇದನ್ನು ಓದಿದೊಡನೆ ಪ್ರಶ್ನೆಗಳು ಏಳುತ್ತವೆ: ಯಾಕೆ ಹೆಚ್ಚಿತ್ತು? ಹೋಟೆಲಿನ ಹುಡುಗರು ಏನಾದರು? ಶಾಲೆಗಳು ಕೋಟೆ ಪ್ರದೇಶದ ಸುತ್ತಮುತ್ತ ಒತ್ತಾಗಿದ್ದದ್ದಕ್ಕೂ ಇದಕ್ಕೂ ಸಂಬಂಧವಿದೆಯೇ? ನೀವು ನೋಡದೆ ಬರೆದ ಪುಟದಲ್ಲಿಯೂ ಇದು ಕಾಣಿಸಿಕೊಂಡಿದ್ದರೆ ಪುಸ್ತಕದ ಬೆನ್ನೆಲುಬು ಸಿಕ್ಕಿತೆಂದೇ ತಿಳಿಯಬಹುದು. ಪ್ರಬಂಧ ಎಲ್ಲಿ ಮುಗಿಯಿತೋ ಅಲ್ಲಿಂದ ಪುಸ್ತಕ ಆರಂಭವಾಗುತ್ತದೆ ಎಂದು ಹಿರಿಯ ಸಂಪಾದಕರು ಹೇಳುವುದರ ಅರ್ಥ ಇದೇ.

ಅಧ್ಯಾಯಗಳನ್ನು ಹೇಗೆ ಮರುಜೋಡಿಸಬೇಕು? ಉದಾಹರಣೆಯೊಂದಿಗೆ ವಿವರಿಸುವಿರಾ?

ನಮ್ಮ ಪ್ರಬಂಧದ ಅಧ್ಯಾಯಗಳು ಕ್ರಮವಾಗಿ ಇವು: ಪ್ರಸ್ತಾವನೆ, ಮುಂಬಯಿಯ ಐತಿಹಾಸಿಕ ಹಿನ್ನೆಲೆ, ಕನ್ನಡಿಗರ ವಲಸೆ, ರಾತ್ರಿಶಾಲೆಗಳ ಹುಟ್ಟು ಮತ್ತು ಬೆಳವಣಿಗೆ, ಪ್ರಮುಖ ರಾತ್ರಿಶಾಲೆಗಳ ಪರಿಚಯ, ಸಾಹಿತ್ಯಿಕ ಹಾಗೂ ಸಾಂಸ್ಕೃತಿಕ ಕೊಡುಗೆ, ಸಮಾರೋಪ. ಇವುಗಳ ಹಿಂದೆ ಪ್ರಶ್ನಾವಳಿ, ವಕ್ತೃಗಳ ಪಟ್ಟಿ, ಛಾಯಾಚಿತ್ರಗಳಿರುವ ಅನುಬಂಧಗಳು. ಎ4 ಅಳತೆಯಲ್ಲಿ ಒಟ್ಟು 380 ಪುಟ.

ಈ ಕ್ರಮದಲ್ಲಿ ರಾತ್ರಿಶಾಲೆಯೆಂಬುದು ಓದುಗರ ಕಣ್ಣಿಗೆ ಬೀಳುವುದು ನಾಲ್ಕನೆಯ ಅಧ್ಯಾಯದಲ್ಲಿ, ಎಂದರೆ ಸುಮಾರು ನೂರ ಐವತ್ತು ಪುಟಗಳ ನಂತರ. ಏಳು ದ್ವೀಪಗಳ ಕಥೆ, ಪೋರ್ಚುಗೀಸರು, ಈಸ್ಟ್ ಇಂಡಿಯಾ ಕಂಪನಿ, 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ರೈಲು, ಬಟ್ಟೆ ಗಿರಣಿಗಳು ಎಲ್ಲವೂ ಅದಕ್ಕೆ ಮೊದಲೇ ಬಂದುಹೋಗಿವೆ. ಮುಂಬಯಿಯ ಬಗ್ಗೆ ಬರೆದ ಬಹುತೇಕ ಪ್ರಬಂಧಗಳಲ್ಲಿ ಈ ಎರಡನೆಯ ಅಧ್ಯಾಯ ಒಂದೇ ರೀತಿಯಲ್ಲಿರುತ್ತದೆ. ಅದನ್ನು ಎತ್ತಿ ಇನ್ನೊಂದು ಪ್ರಬಂಧದಲ್ಲಿಟ್ಟರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗೆ ಎತ್ತಿಡಬಹುದಾದದ್ದೆಲ್ಲ ಪುಸ್ತಕಕ್ಕೆ ಅನಗತ್ಯವೆಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ.

ಮರುಜೋಡಣೆಗೆ ಒಂದು ಉಪಾಯವಿದೆ. ಪ್ರಬಂಧದ ಪ್ರತಿ ಉಪಶೀರ್ಷಿಕೆಯನ್ನು ಒಂದೊಂದು ಚೀಟಿಯಲ್ಲಿ ಬರೆದು, ಅದರ ಕೆಳಗೆ ಆ ಭಾಗ ಏನು ಹೇಳುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. "ಸ್ಥಾಪನೆಯ ವಿವರಗಳು" ಎಂಬುದು ಆ ಭಾಗದ ಹೆಸರಷ್ಟೇ. "ಸಂಘಗಳ ಬಳಿ ಹಣವಿತ್ತು, ಜಾಗವಿರಲಿಲ್ಲ, ಆದ್ದರಿಂದ ಹಗಲು ಶಾಲೆಗಳ ಕೊಠಡಿಗಳನ್ನೇ ಸಂಜೆಗೆ ಕೇಳಿಕೊಂಡರು" ಎಂಬುದು ಅದರ ಮಾತು. ಯಾವ ಚೀಟಿಗೆ ಇಂಥ ವಾಕ್ಯ ಹೊಳೆಯುವುದಿಲ್ಲವೋ ಅದನ್ನು ಬದಿಗಿಡಿ. ಉಳಿದ ಚೀಟಿಗಳನ್ನು ಹಳೆಯ ಅಧ್ಯಾಯಗಳ ಕ್ರಮವನ್ನು ಮರೆತು, ಬೆನ್ನೆಲುಬಿನ ಪ್ರಶ್ನೆಗೆ ಉತ್ತರ ಬೆಳೆಯುವ ಕ್ರಮದಲ್ಲಿ ಹರಡಿ.

ನಮ್ಮ ಉದಾಹರಣೆಯಲ್ಲಿ ಹೀಗೆ ಮಾಡಿದಾಗ ಎಂಟು ಅಧ್ಯಾಯಗಳು ಹೊರಬರುತ್ತವೆ. ಮೊದಲನೆಯದು ಕೋಟೆಯ ಒಂದು ಸಂಜೆ: ಕ್ಯಾಂಟೀನು ಮುಚ್ಚಿ ಶಾಲೆಗೆ ಬರುವ ಹುಡುಗ, ಬರಲಾಗದ ಅವನ ಗೆಳೆಯ, ಮತ್ತು ಅವರಿಬ್ಬರ ನಡುವಿನ ಅಂತರವೇ ಈ ಪುಸ್ತಕದ ವಿಷಯವೆಂಬ ಸ್ಪಷ್ಟ ಹೇಳಿಕೆ. ಎರಡನೆಯದರಲ್ಲಿ ವಲಸೆ, ಹಳೆಯ ಎರಡು, ಮೂರನೆಯ ಅಧ್ಯಾಯಗಳ ತೊಂಬತ್ತು ಚಿಲ್ಲರೆ ಪುಟಗಳಿಂದ ಇಲ್ಲಿಗೆ ಬೇಕಾದ ಇಪ್ಪತ್ತೈದು ಪುಟಗಳು ಮಾತ್ರ. ಮೂರನೆಯದು ಕ್ಯಾಂಟೀನು ಮತ್ತು ಹೋಟೆಲಿನ ದುಡಿಮೆ. ಪ್ರಬಂಧದಲ್ಲಿ ಇದಕ್ಕೆ ಅಧ್ಯಾಯವೇ ಇರಲಿಲ್ಲ. ವಸ್ತು ಐದಾರು ಕಡೆ ಚದುರಿತ್ತು. ನಾಲ್ಕನೆಯದು ಕೊಠಡಿ, ದೇಣಿಗೆ, ಮೇಷ್ಟ್ರುಗಳನ್ನು ಹೊಂದಿಸಿದ ಕಥೆ. ಐದನೆಯದು ತರಗತಿಯ ಒಳಗಿನ ಪಾಠ ಮತ್ತು ಪರೀಕ್ಷೆ. ಆರನೆಯದು ಹಸ್ತಪತ್ರಿಕೆ, ನಾಟಕ, ವಾರ್ಷಿಕೋತ್ಸವ. ಏಳನೆಯದು ಓದನ್ನು ನಡುವೆ ಬಿಟ್ಟವರು. ಇದು ಪೂರ್ತಿಯಾಗಿ ಹೊಸ ಕೆಲಸ. ಎಂಟನೆಯದರಲ್ಲಿ ಶಾಲೆಗಳು ಖಾಲಿಯಾಗುತ್ತ ಹೋದ ಬಗೆ.

ಹಳೆಯ ಐದನೆಯ ಅಧ್ಯಾಯ ಎಲ್ಲಿ ಹೋಯಿತು ಎಂದು ಕೇಳಬಹುದು. ಶಾಲೆಯಿಂದ ಶಾಲೆಗೆ ಸ್ಥಾಪನೆಯ ವರ್ಷ, ಸ್ಥಾಪಕರು, ಮುಖ್ಯೋಪಾಧ್ಯಾಯರು, ಫಲಿತಾಂಶ ಎಂದು ಒಂದೇ ಅಚ್ಚಿನಲ್ಲಿ ಸಾಗುವ ಈ ಬಗೆಯ ಪರಿಚಯಾತ್ಮಕ ಅಧ್ಯಾಯವೇ ಪುಸ್ತಕದ ಓದನ್ನು ಕೊಲ್ಲುವುದು. ಆದರೆ ಅದರ ಹಿಂದಿನ ಶ್ರಮ ದೊಡ್ಡದು, ಮಾಹಿತಿ ಬೇರೆಲ್ಲೂ ಸಿಗದಂಥದ್ದು. ಆದ್ದರಿಂದ ಅದನ್ನು ಎರಡು ಪಾಲು ಮಾಡಿ: ಶಾಲೆಗಳ ವಿವರಪಟ್ಟಿ ಪುಸ್ತಕದ ಕೊನೆಗೆ ಒಂದು ಅನುಬಂಧವಾಗಲಿ, ಯಾವುದಾದರೂ ಒಂದು ಶಾಲೆ ಉಳಿದವುಗಳಿಗಿಂತ ಭಿನ್ನವಾಗಿ ನಡೆದುಕೊಂಡ ಪ್ರಸಂಗವಿದ್ದರೆ ಅದು ಮುಖ್ಯ ಅಧ್ಯಾಯಗಳೊಳಗೆ ತನ್ನ ಜಾಗಕ್ಕೆ ಹೋಗಲಿ.

ಪೂರ್ವ ಅಧ್ಯಯನಗಳ ಸಮೀಕ್ಷೆ ಮತ್ತು ಸಂಶೋಧನಾ ವಿಧಾನದ ಭಾಗಗಳನ್ನು ಪೂರ್ತಿ ತೆಗೆದುಹಾಕಬೇಕೇ?

ಭಾಗವಾಗಿ ಅವು ಉಳಿಯಬಾರದು. ಹಿಂದಿನ ವಿದ್ವಾಂಸರೊಬ್ಬರ ಮಾತನ್ನು ನೀವು ಒಪ್ಪದೆ ಬೇರೆ ನಿಲುವಿಗೆ ಬಂದಿದ್ದರೆ, ಆ ಭಿನ್ನಾಭಿಪ್ರಾಯ ವಿಷಯ ಬರುವ ಜಾಗದಲ್ಲೇ ಎರಡು ಮೂರು ವಾಕ್ಯಗಳಲ್ಲಿ ಬರಲಿ. ಒಪ್ಪಿದ್ದರೆ ಟಿಪ್ಪಣಿ ಸಾಕು. "ಪ್ರಸ್ತುತ ಅಧ್ಯಯನದ ಉದ್ದೇಶಗಳು", "ವ್ಯಾಪ್ತಿ ಮತ್ತು ಮಿತಿ" ಎಂಬ ತಲೆಬರಹಗಳು ಹೋಗಲಿ.

ವಿಧಾನದಲ್ಲಿ ಒಂದು ಸಂಗತಿಯನ್ನು ಮಾತ್ರ ಸಾಮಾನ್ಯ ಓದುಗರಿಗೂ ಹೇಳಲೇಬೇಕು: ನಿಮಗೆ ಇದು ಹೇಗೆ ಗೊತ್ತಾಯಿತು ಎಂಬುದು. ಮುಂಬಯಿ ಕನ್ನಡಿಗರ ಇತಿಹಾಸ ಬರೆಯುವವರಿಗೆ ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳು ದೊಡ್ಡ ಆಕರ. ರಜತ ಮಹೋತ್ಸವದ, ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಸಂಸ್ಥೆಯ ಜಗಳ, ಮುಚ್ಚಿಹೋದ ಶಾಖೆ, ಖಾಲಿ ತರಗತಿ ಕಾಣಿಸುವುದಿಲ್ಲ. ಅದು ಸಂಭ್ರಮದ ಬರವಣಿಗೆ. ಪ್ರಬಂಧದಲ್ಲಿ ಅದನ್ನು ಅಡಿಟಿಪ್ಪಣಿಯಲ್ಲಿ ಹೆಸರಿಸಿದರೆ ಸಾಕಾಗಿತ್ತು. ಪುಸ್ತಕದಲ್ಲಿ "ಸಂಚಿಕೆ ಹೀಗೆ ಹೇಳುತ್ತದೆ, ಆದರೆ ಅದೇ ವರ್ಷದ ಹಾಜರಿ ಪುಸ್ತಕದಲ್ಲಿ ಕಾಣುವುದು ಬೇರೆ" ಎಂದು ಎರಡನ್ನೂ ಎದುರುಬದುರಾಗಿ ಇಟ್ಟು ತೋರಿಸಿದರೆ, ಓದುಗರು ಸಂಶೋಧನೆಯನ್ನು ಕಣ್ಣಾರೆ ಕಾಣುತ್ತಾರೆ. ವಿಧಾನದ ಅಧ್ಯಾಯವೊಂದು ಮಾಡಲಾಗದ ಕೆಲಸವನ್ನು ಇಂಥ ಒಂದು ಪುಟ ಮಾಡುತ್ತದೆ.

"ಭಾಷೆಯನ್ನು ಸರಳಗೊಳಿಸಿ" ಎಂದು ಪ್ರಕಾಶಕರು ಹೇಳುತ್ತಾರೆ. ಸರಳಗೊಳಿಸುವುದೆಂದರೆ ಏನು?

ದೊಡ್ಡ ಪದಗಳ ಬದಲು ಚಿಕ್ಕ ಪದಗಳನ್ನು ಹಾಕುವುದಷ್ಟೇ ಅಲ್ಲ. ಪ್ರಬಂಧದ ಒಂದು ಪ್ಯಾರಾ ನೋಡಿ:

"ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಒಳಪಟ್ಟ ರಾತ್ರಿಶಾಲೆಗಳ ವಿದ್ಯಾರ್ಥಿಗಳ ಔದ್ಯೋಗಿಕ ಹಿನ್ನೆಲೆಯನ್ನು ಅವಲೋಕಿಸಿದಾಗ, ಅವರಲ್ಲಿ ಬಹುಪಾಲು ಮಂದಿ ಹೋಟೆಲು ಹಾಗೂ ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದರೆಂಬ ಅಂಶವು ಕಂಡುಬರುತ್ತದೆ. ಈ ಹಿನ್ನೆಲೆಯಲ್ಲಿ ಉದ್ಯೋಗದ ಸಮಯವು ಅವರ ಹಾಜರಾತಿಯ ಮೇಲೆ ಪ್ರಭಾವ ಬೀರಿರುವುದನ್ನು ಗುರುತಿಸಬಹುದಾಗಿದೆ."

ಇದರಲ್ಲಿ ತಪ್ಪೇನಿಲ್ಲ. ಆದರೆ ವಾಕ್ಯದಲ್ಲಿ ಕೆಲಸ ಮಾಡುತ್ತಿರುವವರು ಯಾರೆಂದು ನೋಡಿ: ಅವಲೋಕಿಸುವವರು, ಅಂಶ ಕಂಡುಬರುವುದು ಯಾರಿಗೋ ಅವರು, ಗುರುತಿಸುವವರು. ಎಲ್ಲರೂ ಸಂಶೋಧಕರೇ. ಹುಡುಗರು ಷಷ್ಠೀ ವಿಭಕ್ತಿಯೊಳಗೆ ಅಡಗಿದ್ದಾರೆ. ಪ್ರಭಾವ ಯಾವ ಬಗೆಯದು ಎಂಬುದನ್ನೂ ಹೇಳಿಲ್ಲ. ಅದೇ ಸಂಗತಿಯನ್ನು, ಸಂದರ್ಶನಗಳಲ್ಲಿ ಈಗಾಗಲೇ ಇರುವ ವಿವರಗಳಿಂದಲೇ ಪುಸ್ತಕಕ್ಕಾಗಿ ಹೀಗೆ ಬರೆಯಬಹುದು:

"ಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೋಟೆಲು, ಕ್ಯಾಂಟೀನುಗಳ ಹುಡುಗರು. ಕಚೇರಿ ಬಿಟ್ಟ ಮೇಲೆ ಕ್ಯಾಂಟೀನಿಗೆ ಕೆಲಸವಿಲ್ಲ. ಅಲ್ಲಿದ್ದ ಹುಡುಗ ಪಾತ್ರೆ ತೊಳೆದಿಟ್ಟು, ಅಂಗಿ ಬದಲಿಸಿ, ಪ್ರಾರ್ಥನೆಯ ಹೊತ್ತಿಗೆ ಶಾಲೆ ಮುಟ್ಟುತ್ತಿದ್ದ. ಹೋಟೆಲಿನವನಿಗೆ ಸಂಜೆಯೇ ಗಿರಾಕಿಗಳ ಹೊತ್ತು. ಮಾಲೀಕರು ಒಪ್ಪಿ ಕಳುಹಿಸಿದ ದಿನ ಅವನು ಬರುತ್ತಿದ್ದ, ಹಬ್ಬದ ದಿನಗಳಲ್ಲಿ ವಾರಗಟ್ಟಲೆ ಬರುತ್ತಿರಲಿಲ್ಲ. ಒಂದೇ ಊರಿನಿಂದ ಬಂದ ಇಬ್ಬರಲ್ಲಿ ಒಬ್ಬ ಮೆಟ್ರಿಕ್ ಮುಗಿಸಿದ್ದಕ್ಕೂ ಇನ್ನೊಬ್ಬ ಏಳನೆಯಲ್ಲೇ ನಿಂತದ್ದಕ್ಕೂ ಎಷ್ಟೋ ಸಲ ಕೆಲಸದ ಹೊತ್ತೇ ಕಾರಣವಾಗಿತ್ತು."

ಎರಡನೆಯದು ಮೊದಲನೆಯದಕ್ಕಿಂತ ಉದ್ದವಾಗಿದೆ. ಸರಳಗೊಳಿಸುವುದೆಂದರೆ ಚಿಕ್ಕದಾಗಿಸುವುದಲ್ಲ ಎಂಬುದಕ್ಕಾಗಿಯೇ ಇದನ್ನು ಪೂರ್ತಿಯಾಗಿ ಕೊಟ್ಟಿದ್ದೇನೆ. ಹೀಗೆ ಬರೆಯುವಾಗ ಒಂದು ಎಚ್ಚರ ಬೇಕು: ಅಂಗಿ ಬದಲಿಸಿದ್ದನ್ನು ಯಾರೋ ಒಬ್ಬರಾದರೂ ನಿಮಗೆ ಹೇಳಿರಬೇಕು. ಚಿತ್ರ ಚೆನ್ನಾಗಿ ಮೂಡಲಿ ಎಂದು ಕಲ್ಪಿಸಿ ಸೇರಿಸಿದ ಒಂದು ವಿವರ, ಅದು ನಿಜವಲ್ಲವೆಂದು ಗೊತ್ತಿರುವ ಒಬ್ಬ ಹಳೆಯ ವಿದ್ಯಾರ್ಥಿಯ ಕಣ್ಣಿಗೆ ಬಿದ್ದರೆ ಪುಸ್ತಕದ ಮೇಲಿನ ನಂಬಿಕೆಯೇ ಹೋಗುತ್ತದೆ.

ತಿದ್ದುವಾಗ "ಕಂಡುಬರುತ್ತದೆ", "ಎನ್ನಬಹುದಾಗಿದೆ", "ಗಮನಾರ್ಹವಾಗಿದೆ", "ಈ ಹಿನ್ನೆಲೆಯಲ್ಲಿ" ಎಂಬ ಮಾತುಗಳನ್ನು ಫೈಲಿನಲ್ಲಿ ಹುಡುಕಿ. ಅವು ಇದ್ದಲ್ಲೆಲ್ಲ ವಾಕ್ಯದ ನಿಜವಾದ ಕರ್ತೃ ಮರೆಯಾಗಿರುವ ಸಾಧ್ಯತೆ ಹೆಚ್ಚು. ಅಧ್ಯಾಯದ ಆರಂಭದಲ್ಲಿ "ಈ ಅಧ್ಯಾಯದಲ್ಲಿ ಇವುಗಳನ್ನು ಚರ್ಚಿಸಲಾಗುವುದು" ಎಂಬುದೂ ಕೊನೆಯಲ್ಲಿ "ಹೀಗೆ ಇವುಗಳನ್ನು ಚರ್ಚಿಸಲಾಯಿತು" ಎಂಬುದೂ ತಪ್ಪದೆ ಇರುತ್ತವೆ; ಎರಡನ್ನೂ ಅಳಿಸಿದರೆ ನಷ್ಟವೇನೂ ಆಗುವುದಿಲ್ಲ.

ವಿಸ್ತರಿಸುವುದೆಂದರೆ ಪುಟಗಳನ್ನು ಹೆಚ್ಚಿಸುವುದೇ? ಪುಸ್ತಕ ಎಷ್ಟು ದೊಡ್ಡದಿರಬೇಕು?

ವಿಷಯ ವಿಸ್ತಾರಗೊಳ್ಳುತ್ತದೆ, ಪುಟಗಳು ಸಾಮಾನ್ಯವಾಗಿ ಇಳಿಯುತ್ತವೆ. ಕನ್ನಡದಲ್ಲಿ ಇಂಥ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಅಳತೆಯಲ್ಲಿ ಬರುತ್ತವೆ ಮತ್ತು ಹದಿನಾರು ಪುಟಗಳ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತವೆ. ಹತ್ತೊಂಬತ್ತು ಫಾರಂ ಎಂದರೆ 304 ಪುಟ. ಪುಟಕ್ಕೆ ಸುಮಾರು 230 ಪದಗಳಂತೆ, ಮುನ್ನುಡಿ, ಅನುಬಂಧ, ಪದಸೂಚಿಗಳನ್ನು ಬಿಟ್ಟರೆ ಅರವತ್ತರಿಂದ ಅರವತ್ತೈದು ಸಾವಿರ ಪದಗಳಿಗೆ ಜಾಗವಿರುತ್ತದೆ. ನಮ್ಮ ಪ್ರಬಂಧ ಎಂಬತ್ತೈದು ಸಾವಿರ ಪದಗಳದ್ದೆಂದುಕೊಂಡರೆ, ಅದರಲ್ಲಿ ಅರ್ಧದಷ್ಟು ಬಿಟ್ಟುಹೋಗುತ್ತದೆ, ಇಪ್ಪತ್ತು ಸಾವಿರದಷ್ಟು ಹೊಸದಾಗಿ ಬರುತ್ತದೆ.

ಹೊಸದು ಎಲ್ಲಿಂದ ಬರಬೇಕೆಂಬುದನ್ನು ಬೆನ್ನೆಲುಬಿನ ಪ್ರಶ್ನೆಯೇ ಹೇಳುತ್ತದೆ. ರಾತ್ರಿಶಾಲೆಯ ಪ್ರಬಂಧಕ್ಕಾಗಿ ಮಾತನಾಡಿಸಿದವರೆಲ್ಲ ಶಾಲೆ ಮುಗಿಸಿ ಮುಂದೆ ಬಂದವರು: ವಕೀಲರು, ಉದ್ಯಮಿಗಳು, ಸಂಘಗಳ ಪದಾಧಿಕಾರಿಗಳು. ಅವರ ವಿಳಾಸ ಹಳೆಯ ವಿದ್ಯಾರ್ಥಿ ಸಂಘಗಳಲ್ಲಿ ಸಿಗುತ್ತದೆ. ನಡುವೆ ಬಿಟ್ಟವರ ವಿಳಾಸ ಎಲ್ಲೂ ಇರುವುದಿಲ್ಲ. ಆದ್ದರಿಂದ ಪ್ರಬಂಧದ ಅರಿವಿಗೇ ಬಾರದಂತೆ ರಾತ್ರಿಶಾಲೆಯ ಇತಿಹಾಸ ಗೆದ್ದವರ ಇತಿಹಾಸವಾಗಿಬಿಟ್ಟಿದೆ. ಏಳನೆಯ ಅಧ್ಯಾಯಕ್ಕಾಗಿ ಊರಿಗೆ ಹಿಂದಿರುಗಿದವರನ್ನು ಕುಂದಾಪುರ, ಕಾರ್ಕಳದ ಕಡೆ ಹುಡುಕಿಕೊಂಡು ಹೋಗಬೇಕಾಗುತ್ತದೆ. ಶಾಲೆಗೆ ಹುಡುಗರನ್ನು ಕಳುಹಿಸದ ಹೋಟೆಲು ಮಾಲೀಕರ ಮಾತನ್ನೂ ಕೇಳಬೇಕು. ಅವರಿಗೂ ಸಂಜೆಯ ವ್ಯಾಪಾರ, ಆಳುಗಳ ಕೊರತೆ ಎಂಬ ಕಾರಣಗಳಿದ್ದವು, ಮತ್ತು ಅವರಲ್ಲಿ ಕೆಲವರು ಅದೇ ಶಾಲೆಗಳಿಗೆ ದೇಣಿಗೆ ಕೊಟ್ಟವರೂ ಆಗಿರಬಹುದು. ಈ ಇಕ್ಕಟ್ಟು ಪ್ರಬಂಧದಲ್ಲಿ ಬಂದಿರದಿದ್ದರೆ ಪುಸ್ತಕದಲ್ಲಿ ಬರಲೇಬೇಕು.

ಆದರೆ ಹೊಸ ಸಂಶೋಧನೆಗೆ ಗಡಿ ಹಾಕಿಕೊಳ್ಳಿ. ಒಂದು ಅಧ್ಯಾಯಕ್ಕಾಗುವಷ್ಟು ಹೊಸ ಕೆಲಸ ಪುಸ್ತಕವನ್ನು ಗಟ್ಟಿ ಮಾಡುತ್ತದೆ. ಮೂರು ಅಧ್ಯಾಯಗಳಿಗೆ ಹರಡಿದರೆ ಅದು ಎರಡನೆಯ ಪಿಎಚ್.ಡಿ. ಆಗುತ್ತದೆ, ಪುಸ್ತಕ ಹೊರಬರುವುದಿಲ್ಲ.

ಅಡಿಟಿಪ್ಪಣಿಗಳು, ಕೋಷ್ಟಕಗಳು ಇರಲಿಯೇ?

ಆಕರ ಸೂಚಿಸುವ ಟಿಪ್ಪಣಿಗಳು ಇರಲೇಬೇಕು. ಅಧ್ಯಾಯದ ಕೊನೆಗೋ ಪುಸ್ತಕದ ಕೊನೆಗೋ ಹೋಗಲಿ. ಟಿಪ್ಪಣಿಯೊಳಗೆ ಅರ್ಧ ಪುಟದ ವಾದ ನಡೆದಿದ್ದರೆ, ಮುಖ್ಯವಾದದ್ದನ್ನು ಮೇಲಕ್ಕೆ ತನ್ನಿ, ಉಳಿದದ್ದನ್ನು ಬಿಡಿ. ಕೋಷ್ಟಕಗಳ ವಿಷಯದಲ್ಲಿ ನನ್ನ ಅಭ್ಯಾಸ ಇಷ್ಟು: ಒಂದು ಕೋಷ್ಟಕದ ಸಾರವನ್ನು ಎರಡು ವಾಕ್ಯಗಳಲ್ಲಿ ಹೇಳಬಹುದಾದರೆ ಕೋಷ್ಟಕ ಬೇಡ. ವರ್ಷವಾರು ಹಾಜರಾತಿಯಂತಹ, ಓದುಗರು ತಾವೇ ನೋಡಿ ಹೋಲಿಸಬಯಸುವ ಕೋಷ್ಟಕ ಒಂದೆರಡು ಉಳಿಯಲಿ. ಪ್ರಶ್ನಾವಳಿ ಬೇಡ.

ಸಂದರ್ಶನ ಕೊಟ್ಟವರಿಂದ ಮತ್ತೊಮ್ಮೆ ಅನುಮತಿ ಪಡೆಯಬೇಕೇ?

ಪಡೆಯಬೇಕು. ಅವರು ಒಪ್ಪಿದ್ದು ಸಂಶೋಧನೆಗೆ. ತಮ್ಮ ಬಾಲ್ಯದ ಬಡತನ, ಜಾತಿಯ ಕಾರಣಕ್ಕೆ ಅನುಭವಿಸಿದ್ದು, ಮಾಲೀಕರಿಂದ ತಿಂದ ಏಟು ಇವು ಅಂಗಡಿಯಲ್ಲಿ ಮಾರಾಟವಾಗುವ ಪುಸ್ತಕದಲ್ಲಿ, ತಮ್ಮ ಮೊಮ್ಮಕ್ಕಳೂ ಓದುವ ಹಾಗೆ ಬರುತ್ತವೆ ಎಂದು ಅವರು ಆಗ ಯೋಚಿಸಿರಲಿಕ್ಕಿಲ್ಲ. ಅವರ ಮಾತು ಬರುವ ಪುಟಗಳನ್ನು ಓದಿ ಹೇಳಿ ಲಿಖಿತ ಒಪ್ಪಿಗೆ ಪಡೆಯುವುದು ಒಳ್ಳೆಯದು. ತೀರಿಕೊಂಡವರ ವಿಷಯದಲ್ಲಿ ಮನೆಯವರನ್ನು ಕೇಳಿ. ಹೆಸರು ಬದಲಿಸಿದರೆ ಸಾಕೆಂದು ಕೆಲವರು ತಿಳಿಯುತ್ತಾರೆ. ಮುಂಬಯಿಯ ಕರಾವಳಿ ಕನ್ನಡಿಗರ ವಲಯದಲ್ಲಿ ಊರು, ದುಡಿದ ಹೋಟೆಲು, ವರ್ಷ ಈ ಮೂರು ಇದ್ದರೆ ಹೆಸರಿಲ್ಲದೆಯೂ ಆ ವ್ಯಕ್ತಿ ಯಾರೆಂದು ಗೊತ್ತಾಗಿಬಿಡುತ್ತದೆ. ಮರೆಮಾಚಬೇಕೆಂದರೆ ಈ ಮೂರರಲ್ಲಿ ಎರಡನ್ನಾದರೂ ಬಿಡಬೇಕು. ಮಾತುಕತೆ ತುಳುವಿನಲ್ಲಿ ನಡೆದು ನೀವು ಕನ್ನಡಕ್ಕೆ ತಂದಿದ್ದರೆ ಅದನ್ನೂ ಓದುಗರಿಗೆ ತಿಳಿಸಬೇಕು.

ಪತ್ರಗಳ ಬಗ್ಗೆ ಒಂದು ಮಾತು. ಪತ್ರ ಯಾರ ಪೆಟ್ಟಿಗೆಯಲ್ಲಿದೆಯೋ ಅವರು ಕಾಗದದ ಒಡೆಯರಷ್ಟೇ; ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಬರಹಗಳ ಹಕ್ಕು ಅವರು ತೀರಿಕೊಂಡ ನಂತರವೂ ಅರವತ್ತು ವರ್ಷ ಉಳಿಯುತ್ತದೆ. ವಿಮರ್ಶೆಗಾಗಿ ಕೆಲವು ಸಾಲುಗಳನ್ನು ಉದ್ಧರಿಸುವುದಕ್ಕೆ ಅಡ್ಡಿಯಿಲ್ಲ. ಇಡೀ ಪತ್ರವನ್ನೋ ಸ್ಮರಣ ಸಂಚಿಕೆಯ ಇಡೀ ಲೇಖನವನ್ನೋ ಹಳೆಯ ಫೋಟೋವನ್ನೋ ಅಚ್ಚು ಹಾಕುವಾಗ ಅನುಮತಿ ಬೇಕು.

ಪ್ರಬಂಧ ಈಗಾಗಲೇ ಶೋಧಗಂಗಾದಲ್ಲಿದೆ. ಯಾರು ಬೇಕಾದರೂ ಪುಕ್ಕಟೆ ಓದಬಹುದಾದದ್ದನ್ನು ಪ್ರಕಾಶಕರು ಯಾಕೆ ತೆಗೆದುಕೊಳ್ಳುತ್ತಾರೆ?

ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಗಳ ನಂತರ ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದು ಕಡ್ಡಾಯವಾಗಿದೆ, ಆದ್ದರಿಂದ ಇದು ಎಲ್ಲರ ಸ್ಥಿತಿಯೂ ಹೌದು. ಪ್ರಕಾಶಕರಿಗೂ ಗೊತ್ತಿರುವ ಸಂಗತಿ. ಮೇಲೆ ಹೇಳಿದ ರೀತಿಯಲ್ಲಿ ಕಟ್ಟಿದ ಪುಸ್ತಕ ಆ ಫೈಲಿಗಿಂತ ಬೇರೆಯೇ ಆಗಿರುತ್ತದೆ. ಪ್ರಕಾಶಕರಿಗೆ ಬರೆಯುವ ಪತ್ರದಲ್ಲಿ ಇದನ್ನು ಮುಚ್ಚಿಡದೆ, ಪ್ರಬಂಧದ ಎಷ್ಟು ಪಾಲು ಉಳಿದಿದೆ, ಯಾವ ಅಧ್ಯಾಯಗಳು ಹೊಸವು ಎಂದು ನಾಲ್ಕು ಸಾಲುಗಳಲ್ಲಿ ತಿಳಿಸಿ, ಪುಸ್ತಕದ ಮೊದಲ ಅಧ್ಯಾಯವನ್ನೂ ನಡುವಿನ ಒಂದು ಅಧ್ಯಾಯವನ್ನೂ ಕಳುಹಿಸಿ. ಪ್ರಬಂಧದ ಪಿಡಿಎಫ್ ಕಳುಹಿಸಬೇಡಿ. "ಒಂದು ಸಾಂಸ್ಕೃತಿಕ ಅಧ್ಯಯನ" ಎಂಬ ಬಾಲವನ್ನು ಶೀರ್ಷಿಕೆಯಿಂದ ಕತ್ತರಿಸಿಯೇ ಕಳುಹಿಸಿ.

ಕರ್ನಾಟಕದ ಓದುಗರಿಗೆ ಮುಂಬಯಿಯ ಜಾಗಗಳು ಗೊತ್ತಿರುವುದಿಲ್ಲ. ಏನು ಮಾಡಬೇಕು?

ಮುಂಬಯಿಯಲ್ಲೇ ಬದುಕುವವರು ಈ ತೊಂದರೆಯನ್ನು ಮರೆಯುವುದು ಸಹಜ. ಮಾಟುಂಗಾದಿಂದ ಕೋಟೆಗೆ ಎಷ್ಟು ದೂರ, ಸಂಜೆಯ ಲೋಕಲ್ ಟ್ರೇನು ಯಾವ ದಿಕ್ಕಿನಲ್ಲಿ ತುಂಬಿರುತ್ತದೆ, ಚಾಳಿನ ಒಂದು ಖೋಲಿಯಲ್ಲಿ ಎಷ್ಟು ಮಂದಿ ಮಲಗುತ್ತಿದ್ದರು ಎಂಬುದು ಪ್ರಬಂಧದ ಪರೀಕ್ಷಕರಿಗೆ ಗೊತ್ತಿತ್ತು. ನಮ್ಮ ಪುಸ್ತಕದ ವಾದವೇ ದೂರ ಮತ್ತು ಹೊತ್ತಿನ ಮೇಲೆ ನಿಂತಿರುವುದರಿಂದ ಇದನ್ನು ಹೇಳದಿದ್ದರೆ ವಾದವೇ ಓದುಗರಿಗೆ ತಲುಪುವುದಿಲ್ಲ. ಶಾಲೆಗಳು, ಕಚೇರಿಗಳು, ರೈಲು ನಿಲ್ದಾಣಗಳನ್ನು ಗುರುತಿಸಿದ ಒಂದು ಸರಳ ನಕ್ಷೆಯನ್ನು ಮೊದಲ ಅಧ್ಯಾಯಕ್ಕೆ ಮುಂಚೆ ಹಾಕಿ. ಜಾಗದ ಹೆಸರು ಮೊದಲ ಸಲ ಬಂದಾಗ ಅಲ್ಲಿ ಏನಿತ್ತು ಎಂಬುದನ್ನು ಅರ್ಧ ವಾಕ್ಯದಲ್ಲಿ ಸೇರಿಸಿದರೆ ಸಾಕು.

ಪ್ರಬಂಧ ಹಳೆಯ ನುಡಿ ಅಕ್ಷರಶೈಲಿಯಲ್ಲಿದೆ. ಯೂನಿಕೋಡಿಗೆ ಬದಲಿಸುವಾಗ ಏನನ್ನು ಗಮನಿಸಬೇಕು?

ಮರುಬರವಣಿಗೆ ಆರಂಭಿಸುವ ಮುನ್ನವೇ ಬದಲಿಸಿ. ಪೂರ್ತಿ ತಿದ್ದಿದ ಮೇಲೆ ಬದಲಿಸಿದರೆ ಕರಡನ್ನು ಎರಡು ಸಲ ತಿದ್ದಬೇಕಾಗುತ್ತದೆ. ಹಳೆಯ ಫಾಂಟಿನ ಕಡತದಲ್ಲಿ ನಡುನಡುವೆ ಇಂಗ್ಲಿಷ್ ಅಕ್ಷರಗಳಲ್ಲಿದ್ದ ಪುಸ್ತಕಗಳ ಹೆಸರುಗಳು ಪರಿವರ್ತನೆಯಲ್ಲಿ ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪಾಗಿಬಿಡುತ್ತವೆ. ಟಿಪ್ಪಣಿಗಳಲ್ಲಿ ಇದು ಹೆಚ್ಚು, ಮತ್ತು ಟಿಪ್ಪಣಿಗಳನ್ನು ಯಾರೂ ಗಮನವಿಟ್ಟು ಓದದ ಕಾರಣ ಅಚ್ಚಿನವರೆಗೂ ಹೋಗುತ್ತದೆ. ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆ, ಇಸವಿಗಳನ್ನು ಮೂಲದ ಮುದ್ರಿತ ಪ್ರತಿಯೊಂದಿಗೆ ಹೋಲಿಸಿ ನೋಡಿ. ಇಸವಿಯಲ್ಲಿ ಒಂದು ಅಂಕಿ ತಪ್ಪಿದರೆ ಕಾಗುಣಿತ ಪರೀಕ್ಷಕದ ತಂತ್ರಾಂಶಕ್ಕೂ ಅದು ಗೊತ್ತಾಗುವುದಿಲ್ಲ.

ಹಸ್ತಪ್ರತಿ ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ?

ಮಾರ್ಗದರ್ಶಕರಿಗೆ ಮೊದಲು ಕೊಡಬೇಡಿ. ಅವರ ಮೇಲಿನ ಗೌರವ ಬೇರೆ. ಅವರಿಗೆ ಹಳೆಯ ಪ್ರಬಂಧ ಬಾಯಿಪಾಠವಾಗಿರುವುದರಿಂದ ಹೊಸದರಲ್ಲಿ ಬಿಟ್ಟುಹೋದದ್ದೇ ಮೊದಲು ಕಾಣುತ್ತದೆ. ನಿಮ್ಮ ವಿಷಯಕ್ಕೆ ಸಂಬಂಧವಿಲ್ಲದ, ಆದರೆ ಪುಸ್ತಕ ಓದುವ ಅಭ್ಯಾಸವಿರುವ ಇಬ್ಬರಿಗೆ ಮೂರನೆಯ ಅಧ್ಯಾಯವನ್ನು ಮಾತ್ರ ಕೊಡಿ. ಮೊದಲ ಅಧ್ಯಾಯವನ್ನು ಎಲ್ಲರೂ ಚೆನ್ನಾಗಿ ತಿದ್ದಿರುತ್ತಾರೆ. ನಡುವಿನ ಅಧ್ಯಾಯದಲ್ಲಿ ಪ್ರಬಂಧದ ಧಾಟಿ ಮರಳಿ ಬರುತ್ತದೆ. ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎನ್ನುತ್ತಾರೆ. ಅದರ ಬದಲು, ಓದಿದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಎಂದು ಕೇಳಿ, ಮತ್ತು ಎಲ್ಲಿ ಪುಟ ಹಾರಿಸಿದಿರಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಸಿಕೊಳ್ಳಿ. ಅವರು ಕ್ಯಾಂಟೀನು, ಹೋಟೆಲು, ಹೊತ್ತು ಎಂದು ಹೇಳಿದರೆ ಅಧ್ಯಾಯ ನಿಂತಿದೆ. "ರಾತ್ರಿಶಾಲೆಗಳ ಬಗ್ಗೆ ಬಹಳ ಮಾಹಿತಿ ಇದೆ" ಎಂದರೆ ಚೀಟಿಗಳ ಹಂತಕ್ಕೆ ಮರಳಬೇಕು.

ಐಎಸ್‌ಬಿಎನ್ ಮತ್ತು ಗ್ರಂಥಾಲಯಗಳಿಗೆ ಪ್ರತಿ ಕಳುಹಿಸುವುದು ಯಾರ ಹೊಣೆ?

ಪ್ರಕಾಶಕರ ಹೊಣೆ. ಸ್ವಂತವಾಗಿ ಪ್ರಕಟಿಸುವವರು ತಾವೇ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆಗೆ ಅರ್ಜಿ ಹಾಕಬಹುದು, ಸಂಖ್ಯೆಗೆ ಶುಲ್ಕವಿಲ್ಲ. 1954ರ ಕಾಯ್ದೆಯಂತೆ ಪುಸ್ತಕ ಪ್ರಕಟವಾದ ಮೂವತ್ತು ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ದೆಹಲಿ, ಮುಂಬಯಿಗಳಲ್ಲಿರುವ ನಿಗದಿತ ಗ್ರಂಥಾಲಯಗಳಿಗೂ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಒಂದೊಂದು ಪ್ರತಿ ಕಳುಹಿಸಬೇಕು. ಸಣ್ಣ ಪ್ರಕಾಶಕರು ಇದನ್ನು ಮರೆಯುವುದುಂಟು, ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವಾಗಲೇ ಕೇಳಿಕೊಳ್ಳಿ.